ಕ್ಯಾಮರಾದ ಹಿಂದೆ ಆಯಿ

ನನ್ನ ಮುಖವನ್ನು ನಾನು ಮೊದಲ ಸಲ ಸರಿಯಾಗಿ ನೋಡಿದ್ದು ಸಿಂದಗಿಯ ಒಂದು ಕೋಚಿಂಗ್ ಕ್ಲಾಸಿನ ದೊಡ್ಡ ಟಿವಿಯಲ್ಲಿ. ಕನ್ನಡಿಯಲ್ಲಿ ದಿನಾ ನೋಡುತ್ತೇನೆ, ಅದು ಬೇರೆ. ಕನ್ನಡಿ ನಮ್ಮ ಪರವಾಗಿರುತ್ತದೆ. ಟಿವಿಯ ಮುಂದೆ ಕ್ಲಾಸಿನ ನಾಲ್ಕೈದು ಮಾಸ್ತರುಗಳು ಪೇಪರಿನಲ್ಲಿ ಚುರುಮುರಿ ಚೂಡಾ ಹಾಕಿಕೊಂಡು ತಿನ್ನುತ್ತಾ ಕೂತಿದ್ದರು. ಅವರ ನಡುವೆ ಕ್ಲಾಸಿನ ಮಾಲೀಕ ಸರ್. ನಾನು ಬಾಗಿಲ ಹತ್ತಿರ ನಿಂತಿದ್ದೆ.

ಪೊಲೀಸ್ ಪರೀಕ್ಷೆ, ಪಿಡಿಒ ಪರೀಕ್ಷೆ ಬರೆಯುವ ಹುಡುಗರಿಗೆ ಈ ಸರ್ ಕ್ಲಾಸ್ ನಡೆಸುತ್ತಿದ್ದರು. ತಾವೇ ಇತಿಹಾಸ ಹೇಳುತ್ತಿದ್ದರು. ಅವರ ಪಾಠಕ್ಕಿಂತ ಅವರ ಬೈಗುಳಕ್ಕೆ ಹೆಸರು. ಇಂಡಿ, ಮುದ್ದೇಬಿಹಾಳದ ಕಡೆಯಿಂದೆಲ್ಲ ಹುಡುಗರು ಬಸ್ ಹತ್ತಿ ಬಂದು ದುಡ್ಡು ಕೊಟ್ಟು ಬೈಸಿಕೊಂಡು ಹೋಗುತ್ತಿದ್ದರು. ಈಗ ಪಾಠಗಳನ್ನು ವಿಡಿಯೊ ಮಾಡಿ ಹಾಕಲು ಶುರು ಮಾಡಿದ್ದರು. ಗಣಿತಕ್ಕೆ ಒಬ್ಬರು ಬೇಕಾಗಿದ್ದರು. ಒಂದೇ ಜಾಗ. ನಾನು ಇಂಡಿ ತಾಲ್ಲೂಕಿನ ಹಳ್ಳಿಯವಳು, ಬಿ.ಎಸ್ಸಿ., ಬಿ.ಎಡ್. ಮುಗಿಸಿ ಮನೆಯಲ್ಲಿ ಕೂತವಳು. ಗಣಿತವೆಂದರೆ ನನಗೆ ಜೀವ. ಈ ಕೆಲಸ ನನಗೇ ಬೇಕು ಎಂದು ಮನಸ್ಸಿನಲ್ಲಿ ಬರೆದುಕೊಂಡುಬಿಟ್ಟಿದ್ದೆ.

ಅದಕ್ಕೇ ಮೊದಲ ದಿನ ಅಷ್ಟು ತಯಾರಿ ಮಾಡಿಕೊಂಡು ಹೋಗಿದ್ದು. ಪಾಠವನ್ನು ಪೂರ್ತಿ ಬರೆದಿದ್ದೆ, ನಮಸ್ಕಾರದಿಂದ ಧನ್ಯವಾದದವರೆಗೆ. ಆ ಹಾಳೆಯನ್ನು ಕ್ಯಾಮರಾದ ಕೆಳಗೆ ಸ್ಟ್ಯಾಂಡಿಗೆ ಅಂಟಿಸಿ ಓದಿದೆ. ಒಂದಕ್ಷರ ತಪ್ಪಲಿಲ್ಲ. ಹೊರಗೆ ಬಂದಾಗ ಗೆದ್ದೆ ಅಂದುಕೊಂಡಿದ್ದೆ.

"ಧ್ವನಿ ಬಂದ್ ಮಾಡ್ರಿ," ಅಂದರು ಸರ್. "ಬರೇ ಕಣ್ಣ ನೋಡೂಣು."

ಧ್ವನಿ ನಿಂತಿತು. ಟಿವಿಯಲ್ಲಿ ನನ್ನ ಕಣ್ಣುಗುಡ್ಡೆಗಳು ಎಡದಿಂದ ಬಲಕ್ಕೆ ಹೋದವು. ಗಬಕ್ಕನೆ ಎಡಕ್ಕೆ ಬಂದವು. ಮತ್ತೆ ಬಲಕ್ಕೆ. ಒಂದು ಸಾಲು, ಇನ್ನೊಂದು ಸಾಲು. ನಾನು ಯಾರನ್ನೂ ನೋಡುತ್ತಿರಲಿಲ್ಲ, ನೋಡುವವರ ಗದ್ದದ ಕೆಳಗೆ ಏನೋ ಕಳೆದುಕೊಂಡವಳ ಹಾಗೆ ಹುಡುಕುತ್ತಿದ್ದೆ.

"ಏನ್ರಿ ಇದು, ಕಳ್ಳಿ ಸಿಕ್ಕ ಬಿದ್ದಂಗ!" ಅಂದರು ಒಬ್ಬ ಮಾಸ್ತರು.

"ಕಳ್ಳಿ ಅಲ್ಲೋ. ಎತ್ತು ಹೊಲಾ ಹೊಡ್ಯಾಕತ್ತೈತಿ. ನೋಡು, ಈ ಸಾಲ ಮುಗೀತು, ಹೊಳ್ಳಿತು." ಸರ್ ಬಾಯಲ್ಲಿದ್ದ ಶೇಂಗಾ ಅಗಿದು ನುಂಗಿದರು. "ಈಗ ಚಿತ್ರ ಮುಚ್ಚಿ ಧ್ವನಿ ಹಚ್ರಿ."

ಯಾರೋ ಟಿವಿಯ ಮೇಲೆ ಟವೆಲ್ ಹಾಕಿದರು. ಟವೆಲ್ಲಿನ ಹಿಂದಿನಿಂದ ನನ್ನ ಧ್ವನಿ ಬಂತು: "ವಾಹನವೊಂದು ನಿರ್ದಿಷ್ಟ ದೂರವನ್ನು ಕ್ರಮಿಸಲು ತೆಗೆದುಕೊಳ್ಳುವ ಕಾಲಾವಧಿಯನ್ನು..." ಏರಿಳಿತವಿಲ್ಲ. ಮಾತಿನ ಅರ್ಥ ಮುಗಿದಲ್ಲಿ ಅಲ್ಲ, ಹಾಳೆಯ ಸಾಲು ಮುಗಿದಲ್ಲಿ ಉಸಿರು ಎಳೆಯುತ್ತಿದ್ದೆ.

"ಹುಡುಗಿ, ನಿಮ್ಮ ಮನ್ಯಾಗ ಹಿಂಗ ಮಾತಾಡ್ತೀರೇನ? 'ಅವ್ವಾ, ರೊಟ್ಟಿಯನ್ನು ಸೇವಿಸುವ ಕಾಲಾವಧಿ ಬಂದಿರುತ್ತದೆ' ಅಂತೀಯೇನ?" ಅಂದರು ಸರ್.

ಎಲ್ಲರೂ ನಕ್ಕರು. ಅತ್ತರೆ ಅದೂ ಒಂದು ಚೂಡಾ ಆಗುತ್ತದೆ ಅಂತ ನಾನೂ ನಕ್ಕೆ.

"ಲೆಕ್ಕ ಬರ್ತೈತಿ ನಿನಗ. ಮಾತ ಬರೂದಿಲ್ಲ. ಓದಬ್ಯಾಡ, ಹೇಳು. ಬರೂ ಐತವಾರ ಮತ್ತ ಬಾ. ಬಾಗೇವಾಡಿಯಾಕಿ ಒಬ್ಬಾಕಿ ಬರ್ತಾಳ. ಇಬ್ಬರಾಗ ಒಬ್ಬಾಕಿನ್ನ ತಗೋತೇನಿ."

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ನಾನು ಇಂಡಿ ಬಸ್ಸಿನಲ್ಲಿ ಕೂತಿದ್ದಾಗಲೇ ಸರ್ ಆ ವಿಡಿಯೊವನ್ನು ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಹಾಕಿದ್ದರು. ಕೆಳಗೆ ಬರೆದಿದ್ದರು: ಪಾಠ ಹೇಗೆ ಮಾಡಬಾರದು. ಯಾರೋ ಅದನ್ನು ಜೋರಾಗಿ ಓಡಿಸಿ, ಕಣ್ಣುಗುಡ್ಡೆಗಳು ಟಕಟಕ ಆಡುವಂತೆ ಮಾಡಿ ಸ್ಟೇಟಸ್ ಇಟ್ಟರು. ನಾನು ಊರಿನಲ್ಲಿ ಇಳಿಯುವ ಹೊತ್ತಿಗೆ ಅದು ನನಗಿಂತ ಮೊದಲೇ ಇಳಿದಿತ್ತು. ಪಾನ್ ಅಂಗಡಿ ಮುಂದೆ ನಿಂತ ಹುಡುಗರು ನನ್ನನ್ನು ಕಂಡು ಸುಮ್ಮನೆ ಕಣ್ಣುಗಳನ್ನು ಎಡಕ್ಕೆ ಬಲಕ್ಕೆ ಆಡಿಸಿದರು.

ಅಣ್ಣ ಬಾಗಿಲಲ್ಲೇ ಇದ್ದ. ಫೋನು ಅವನ ಕೈಯಲ್ಲಿತ್ತು.

"ಇದನ್ನ ಮಾಡಾಕ ಬಿ.ಎಡ್. ಓದಿದಿ?"

"ಐತವಾರ ಮತ್ತ ಕರದಾರ ಅಣ್ಣಾ."

"ಮತ್ತ ನಗಾಕ ಕರದಾರ. ಹೋಗು, ಒಂದ ಸಲ ಹೋಗು. ಆಗಲಿಲ್ಲಂದ್ರ ಸೋಮವಾರ ಹೊಲಿಗಿ ಮಷಿನ್ ತಂದ ಕೊಡ್ತೇನಿ. ಮನ್ಯಾಗ ಕುಂತ ಜಂಪರ್ ಹೊಲಿ. ಅದಕ್ಕ ಮಾತೂ ಬ್ಯಾಡ, ಮಾರಿ ತೋರಸೂದೂ ಬ್ಯಾಡ."

ಒಳಗೆ ಅವ್ವ ರೊಟ್ಟಿ ಬಡಿಯುವ ಸದ್ದು ಸ್ವಲ್ಪ ಜೋರಾಯಿತು.

ಮರುದಿನದಿಂದ ಪಡಸಾಲೆಯಲ್ಲಿ ಶುರು ಮಾಡಿದೆ. ಬೇಳೆ ಡಬ್ಬಿಗಳನ್ನು ಒಂದರ ಮೇಲೊಂದು ಇಟ್ಟು ಅದಕ್ಕೆ ಫೋನು ಆನಿಸಿದೆ. ಹಾಳೆ ಬೇಡ ಅಂದರಲ್ಲ, ಸರಿ, ಬಾಯಿಪಾಠ ಮಾಡೋಣ ಅಂದುಕೊಂಡೆ. ಅದು ಇನ್ನೂ ಕೆಟ್ಟದ್ದು. ಹಾಳೆ ಇದ್ದಾಗ ಕಣ್ಣು ಹೊರಗೆ ಓಡುತ್ತಿತ್ತು, ಈಗ ಒಳಗೆ ಓಡತೊಡಗಿತು. ಮುಂದಿನ ಶಬ್ದ ಹುಡುಕುತ್ತಾ ಮೇಲಿನ ಜಂತಿ ನೋಡುತ್ತಿದ್ದೆ. ಒಂದು 'ಆದ್ದರಿಂದ' ಮರೆತರೆ ಸಾಕು, ಅದರ ಹಿಂದಿನ ಗಾಡಿಗಳೆಲ್ಲ ನಿಂತುಬಿಡುತ್ತಿದ್ದವು.

ಇನ್ನೊಂದು ರೋಗವೂ ಕಂಡಿತು. ಫೋನಿನ ಪರದೆಯಲ್ಲಿ ನನ್ನ ಮುಖ ಕಾಣುತ್ತಿತ್ತಲ್ಲ, ನಾನು ಅದನ್ನೇ ನೋಡುತ್ತಿದ್ದೆ. ಕೂದಲು ಸರಿಯಿದೆಯಾ, ಹಲ್ಲು ಕಾಣುತ್ತಿದೆಯಾ. ಕ್ಯಾಮರಾದ ಕಣ್ಣು ಪರದೆಯ ಮೇಲೆ, ಸಣ್ಣ ಕರಿ ಚುಕ್ಕೆ. ಅದರ ಕಡೆ ಯಾರು ನೋಡುತ್ತಾರೆ? ಫೋನು ತಿರುಗಿಸಿ ಹಿಂದಿನ ಕ್ಯಾಮರಾ ಹಚ್ಚಿದೆ. ಮುಖ ಕಾಣುವುದು ನಿಂತಿತು. ಚೌಕಟ್ಟಿನೊಳಗೆ ಇರಲೆಂದು ಕೂರುವ ಜಾಗಕ್ಕೆ ಸುಣ್ಣದಲ್ಲಿ ಗೆರೆ ಎಳೆದುಕೊಂಡೆ. ಬರೆದದ್ದನ್ನು ಹರಿದು ಒಂದು ಚೀಟಿಯ ಮೇಲೆ ನಾಲ್ಕೇ ಶಬ್ದ ಇಟ್ಟುಕೊಂಡೆ: ಹೋಗು, ಬಾ, ಹೊತ್ತು, ನಲವತ್ತು. ದಾರಿ ತಪ್ಪಿದರೆ ನೋಡಲು, ಓದಲು ಅಲ್ಲ.

ಇಷ್ಟೆಲ್ಲ ಮಾಡಿದರೂ ಧ್ವನಿ ಮಾತ್ರ ಟವೆಲ್ಲಿನ ಹಿಂದಿನದೇ. ಆ ಕರಿ ಚುಕ್ಕೆಗೆ ನಾನು ಏನು ಹೇಳಬೇಕು? ಅದು ಹೂಂ ಅನ್ನುವುದಿಲ್ಲ. ಗೋಡೆಗೆ ಹೇಳಿದರೆ ಸುಣ್ಣವಾದರೂ ಉದುರುತ್ತದೆ.

ನನ್ನ ಅಜ್ಜಿಯನ್ನು ನಾವೆಲ್ಲ ಆಯಿ ಅನ್ನುತ್ತೇವೆ. ಆಯಿ ಪಡಸಾಲೆಯ ಮೂಲೆಯಲ್ಲಿ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಾ ನನ್ನ ಈ ಅವಸ್ಥೆಯನ್ನು ಎರಡು ದಿನ ನೋಡಿದಳು. ಆಯಿ ಯಾರನ್ನೂ ಹೊಗಳಿದ್ದನ್ನು ನಾನು ಕೇಳಿಲ್ಲ. ನಾನು ಬಿ.ಎಡ್. ಪಾಸಾದಾಗ "ಆ ಸಾಲಿಯಾಗ ಎಲ್ಲಾರೂ ಪಾಸ್ ಆಗ್ತಾರಂತ" ಅಂದವಳು.

"ಯಾರ ಸತ್ತಾರ?" ಅಂದಳು ಮೂರನೆಯ ದಿನ.

"ಯಾರೂ ಸತ್ತಿಲ್ಲ ಆಯಿ."

"ಮತ್ತ ಯಾರಿಗೆ ಪುರಾಣ ಓದಾಕತ್ತೀದಿ? ಅಷ್ಟೊತ್ತಿಂದ ಗಾಡಿ ಗಾಡಿ ಅಂತಿ. ಗಾಡಿ ಊರ ಮುಟ್ಟೂದು ಯಾವಾಗ?"

"ನಿನಗ ತಿಳಿಯೂದಿಲ್ಲ. ಲೆಕ್ಕ ಅದು."

"ನಿನಗ ತಿಳದಿದ್ರ ನನಗ ಹೇಳಾಕ ಬರ್ತಿತ್ತು."

ಸಿಟ್ಟು ಬಂತು. ಫೋನಿನ ಹಿಂದೆಯೇ ಕೂತಿದ್ದ ಆಯಿಯ ಕಡೆ ತಿರುಗಿ ಅಂದೆ: "ಕೇಳು ಹಂಗಾರ. ಅರವತ್ತ ಕಿಲೋಮೀಟರ್ ದೂರದಾಗ ಒಂದ ಊರ ಐತಿ ಅಂತ ತಿಳಿ. ಹೋಗುವಾಗ ಟೆಂಪೋದಾಗ ಹೋದಿ, ತಾಸಿಗೆ ಮೂವತ್ತರಂಗ. ಬರುವಾಗ ಜೀಪಿನ್ಯಾಗ ಬಂದಿ, ತಾಸಿಗೆ ಅರವತ್ತು. ಹೋಗಿ ಬರೂದ್ರಾಗ ಸರಾಸರಿ ಎಷ್ಟರಂಗ ಹೋದಿ?"

"ನಡುವಿಂದು. ನಲವತ್ತೈದು."

"ಎಲ್ಲಾರೂ ಹಿಂಗ ಬೀಳ್ತಾರ! ಟೆಂಪೋದಾಗ ಎಷ್ಟೊತ್ತ ಕುಂತಿದ್ದಿ?"

"ನನಗೇನ ಗೊತ್ತು?"

"ಅರವತ್ತ ದೂರ, ತಾಸಿಗೆ ಮೂವತ್ತು. ಎರಡ ತಾಸ ಕುಂತಿ. ನಡಾ ನೋಯ್ತು, ವಾಂತಿ ಬಂತು, ಬಾಜೂಕಿನ ಮುದುಕಿ ನಿನ್ನ ಹೆಗಲ ಮ್ಯಾಲ ನಿದ್ದಿ ಮಾಡಿದಳು. ಜೀಪಿನ್ಯಾಗ ಒಂದ ತಾಸು. ಕುಂತಿಯೋ ಇಲ್ಲೋ, ಇಳದಿ. ನಿಧಾನ ಹೋಗೂ ಗಾಡಿಯಾಗ ನೀ ಜಾಸ್ತಿ ಹೊತ್ತ ಕುಂತಿದ್ದಿ. ಮತ್ತ ಎರಡಕ್ಕೂ ಸಮ ಪಾಲ ಹೆಂಗ ಕೊಡ್ತಿ? ಒಟ್ಟ ದೂರ ನೂರಾ ಇಪ್ಪತ್ತು, ಒಟ್ಟ ಹೊತ್ತ ಮೂರ ತಾಸು. ಭಾಗಿಸು. ನಲವತ್ತು!"

ಆಯಿ ಮೊರ ಕೊಡವಿದಳು. "ನಲವತ್ತೈದ ಖರೆ. ನೀ ಬಾಯಿ ಜೋರ ಮಾಡಿ ಐದ ನುಂಗಿದಿ."

ಕ್ಯಾಮರಾ ನಡೆದೇ ಇತ್ತು. ನಾನು ಬಂದ್ ಮಾಡಿರಲಿಲ್ಲ.

ರಾತ್ರಿ ಊಟಕ್ಕೆ ಮುಂಚೆ ಅದನ್ನು ನೋಡಿದೆ. ಮೊದಲು ಧ್ವನಿ ತೆಗೆದು ಕಣ್ಣು ನೋಡಿದೆ. ಕಣ್ಣುಗಳು ಒಂದೇ ಕಡೆ ನಿಂತಿದ್ದವು, ಯಾರನ್ನೋ ಹಿಡಿದುಕೊಂಡು ಬಿಡದವರ ಹಾಗೆ. ಆಮೇಲೆ ಫೋನು ಮಗುಚಿ ಹಾಕಿ ಬರೀ ಧ್ವನಿ ಕೇಳಿದೆ. ಏರುತ್ತಿತ್ತು, ಇಳಿಯುತ್ತಿತ್ತು, ಅವಸರ ಮಾಡುತ್ತಿತ್ತು, ಆಯಿ ಉತ್ತರ ಕೊಡಲೆಂದು ನಿಲ್ಲುತ್ತಿತ್ತು. ಆ ಸರ್ ನನ್ನನ್ನು ಬೈಯಲು ಬಳಸಿದ ಎರಡೂ ಪರೀಕ್ಷೆಗಳನ್ನು ನಾನೇ ನನಗೆ ಮಾಡಿಕೊಂಡು ಪಾಸಾಗಿದ್ದೆ. ಅಯ್ಯೋ, ಇಷ್ಟೇನಾ!

ಇಷ್ಟೇ ಆಗಿರಲಿಲ್ಲ, ಬಿಡಿ. ಮರುದಿನ "ಆಯಿ, ಫೋನಿನ ಹಿಂದ ಕೂಡು" ಅಂತ ಬೇಕೆಂದೇ ಕೂರಿಸಿದಾಗ ಮತ್ತೆ ಕಟ್ಟಿಗೆಯಾದೆ. ಗುಂಡಿ ಒತ್ತಿದ ಕೂಡಲೇ ಬಾಯಿಂದ 'ವಾಹನವೊಂದು' ಹೊರಟಿತು. ಅದಕ್ಕೆ ಒಂದು ಉಪಾಯ ಮಾಡಿದೆ. ಮೊದಲೇ ಗುಂಡಿ ಒತ್ತಿ, ಆಯಿಯ ಜೊತೆ ಜಗಳ ತೆಗೆಯುವುದು. ಬೇಳೆಯಲ್ಲಿ ಕಲ್ಲಿದೆ ಅನ್ನುವುದು ಸಾಕಾಗುತ್ತಿತ್ತು. ಜಗಳ ಕುದಿ ಹಿಡಿದಾಗ ಅದರ ನಡುವಿನಿಂದಲೇ ಪಾಠಕ್ಕೆ ಜಾರುವುದು. ಮೊದಲಿನ ಜಗಳವನ್ನು ಆಮೇಲೆ ವಿಡಿಯೊದಿಂದ ಕತ್ತರಿಸಿದರಾಯಿತು.

ಆಯಿ ಕರುಣೆಯಿಲ್ಲದ ಪ್ರೇಕ್ಷಕಿ. ಬೇಸರವಾದರೆ ಆಕಳಿಸುತ್ತಿದ್ದಳು. ಇನ್ನೂ ಬೇಸರವಾದರೆ ನಾನು ಮಾತಾಡುತ್ತಿರುವಾಗಲೇ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. "ನಿನ್ನ ಮಾರಿ ನೋಡಿ ಬೇಸರಾತು, ಎಮ್ಮಿ ಮಾರಿ ನೋಡಿ ಬರ್ತೇನಿ." ಅವಳು ಆಕಳಿಸಿದ ಜಾಗ ಗುರುತಿಟ್ಟುಕೊಂಡು ಅಲ್ಲಿನ ಮಾತು ಬದಲಿಸುತ್ತಿದ್ದೆ. ಶನಿವಾರ ಆಕಳಿಕೆ ಇಲ್ಲದೆ ಪಾಠ ಮುಗಿಯಿತು.

"ಹೆಂಗಿತ್ತು ಆಯಿ?"

"ನಲವತ್ತೈದ."

ಐತವಾರ ಆಯಿಯನ್ನು ಕರೆದುಕೊಂಡೇ ಸಿಂದಗಿಗೆ ಹೋದೆ. ಬೇರೆ ದಾರಿ ಇರಲಿಲ್ಲ. ಮಾತು ಬರುವುದು ಅವಳಿಗೆ ಹೇಳಿದಾಗ ಮಾತ್ರ. ಕ್ಲಾಸಿನ ಹೊರಗಿನ ಬೆಂಚಿನ ಮೇಲೆ ಬಾಗೇವಾಡಿಯ ಹುಡುಗಿ ಮೊದಲೇ ಬಂದು ಕೂತಿದ್ದಳು. ಇಸ್ತ್ರಿಯ ಸೀರೆ, ಕೈಯಲ್ಲಿ ಒಂದು ಚೀಟಿಯೂ ಇಲ್ಲ. ಸರಿದು ಜಾಗ ಕೊಟ್ಟು, ನನ್ನ ಮುಖವನ್ನೇ ನೋಡಿ, ಬಹಳ ಮೃದುವಾಗಿ ಕೇಳಿದಳು:

"ಅಕ್ಕಾ, ಆ ಕ್ಲಿಪ್ಪಿನವ್ರು ನೀವ ಅಲ್ರೀ?"

ಅವಳಲ್ಲಿ ಕೆಟ್ಟ ಮನಸ್ಸಿರಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಅವಳ ಸರದಿ ಮೊದಲು. ಬಾಗಿಲು ತೆರೆದೇ ಇತ್ತು, ನಾನೂ ನೋಡಿದೆ. ಬಾಯಿಪಾಠ, ಆದರೆ ನೀರು ಹರಿದ ಹಾಗೆ. ಕಣ್ಣು ಕ್ಯಾಮರಾ ಬಿಟ್ಟು ಕದಲಲಿಲ್ಲ. ನಗಬೇಕಾದಲ್ಲಿ ನಕ್ಕಳು. ಆಯಿ ಮಾತ್ರ ಆಕಳಿಸಿದಳು.

ನನ್ನ ಸರದಿ. ಆಯಿಯ ಕೈ ಹಿಡಿದು ಒಳಗೆ ಹೋದೆ.

"ಇವರ್ಯಾರು?" ಅಂದರು ಸರ್.

"ನಮ್ಮ ಆಯಿ ರಿ. ಕ್ಯಾಮರಾದ ಹಿಂದ ಕೂಡತಾಳ್ರಿ. ಅಕಿಗೆ ಹೇಳಿದ್ರ ನನಗ..."

"ನಾಳೆ ವಿಡಿಯೊ ಮಾಡುವಾಗ ದಿನಾ ಆಯಿನ್ನ ಹೊತಗೊಂಡ ಬರ್ತಿಯೇನ? ಯಮ್ಮಾ, ಹೊರಗ ಕೂಡ್ರಿ. ಆ ಚೀಟಿ ಏನದು? ಕೊಡ ಇಲ್ಲಿ."

ನಾಲ್ಕು ಶಬ್ದದ ಚೀಟಿಯೂ ಹೋಯಿತು. ಬಾಗಿಲು ಮುಚ್ಚಿತು. ಹಸಿರು ಬಟ್ಟೆ, ಕಣ್ಣು ಕುಕ್ಕುವ ದೀಪ, ಕ್ಯಾಮರಾ ಹಿಡಿದವ, ಗೋಡೆಗೆ ಒರಗಿದ ಮಾಸ್ತರುಗಳು. ಕ್ಯಾಮರಾದ ಹಿಂದೆ ಕುರ್ಚಿಯಲ್ಲಿ ಸರ್, ತಮ್ಮ ಫೋನು ನೋಡುತ್ತಾ. ಕೆಂಪು ದೀಪ ಹತ್ತಿತು.

ಮಾತು ಬರಲಿಲ್ಲ. ಬಾಯಿ ತೆರೆದೇ ಇತ್ತು. ಕಣ್ಣುಗಳು ತಮ್ಮಷ್ಟಕ್ಕೆ ಇಲ್ಲದ ಹಾಳೆಯನ್ನು ಹುಡುಕುತ್ತಾ ಎಡಕ್ಕೆ ಹೊರಟವು.

ಸರ್ ಫೋನಿನಿಂದ ತಲೆ ಎತ್ತಲೂ ಇಲ್ಲ. "ಎತ್ತ ಹೊಂಟಿತ ನೋಡ್ರಿ ಹೊಲಕ್ಕ," ಅಂದರು.

ನಗು. ಸರ್ ಅವರ ಆ ಧ್ವನಿ ನನಗೆ ಗೊತ್ತಿತ್ತು. ಬೇಳೆ ಹಸನು ಮಾಡುತ್ತಾ ತಲೆ ಎತ್ತದೆ ಬರುತ್ತಿದ್ದ ಧ್ವನಿ ಅದು. ಬಾಗಿಲಾಚೆ ಕಳಿಸಿದ ಆಯಿ ಇಲ್ಲಿ ಕುರ್ಚಿಯ ಮೇಲೆ ಕೂತಿದ್ದಳು, ಮೀಸೆ ಇಟ್ಟುಕೊಂಡು.

"ಸರ್," ಅಂದೆ. "ಎತ್ತಿನ ಮಾತ ಇರಲಿ, ಗಾಡಿ ಮಾತ ಹೇಳ್ರಿ. ಅರವತ್ತ ಕಿಲೋಮೀಟರ್ ದೂರದ ಊರಿಗೆ ತಾಸಿಗೆ ಮೂವತ್ತರಂಗ ಹೋದ್ರಿ. ಅರವತ್ತರಂಗ ಹೊಳ್ಳಿ ಬಂದ್ರಿ. ಸರಾಸರಿ ಎಷ್ಟಾತ್ರಿ?"

"ನಲವತ್ತೈದು," ಅಂದರು ಸರ್, ಫೋನು ನೋಡುತ್ತಲೇ.

"ಬಿದ್ರಿ! ಎಲ್ಲಾರೂ ಇಲ್ಲೇ ಬೀಳ್ತಾರ. ಮೂವತ್ತಕ್ಕ ಅರವತ್ತ ಕೂಡಿಸಿ ಅರ್ಧಾ ಮಾಡೂದು ಗಡಿಬಿಡಿಯವರ ಕೆಲಸ. ಟೆಂಪೋದಾಗ ಎಷ್ಟೊತ್ತ ಕುಂತಿದ್ರಿ, ಮೊದಲ ಅದನ್ನ ಕೇಳ್ರಿ..."

ಆಮೇಲೆ ನಾನು ಮಾತಾಡಿದೆ. ಅಷ್ಟೇ ಹೇಳಬಲ್ಲೆ. ನಡ ನೋಯಿಸಿದೆ, ಮುದುಕಿಯನ್ನು ಹೆಗಲ ಮೇಲೆ ಮಲಗಿಸಿದೆ, ಸರ್ ಅವರನ್ನು ಎರಡು ತಾಸು ಟೆಂಪೋದಲ್ಲಿ ಕುದಿಸಿ ಒಂದು ತಾಸು ಜೀಪಿನಲ್ಲಿ ಹಾರಿಸಿದೆ. ಕೈಗಳು ಎಲ್ಲಿವೆ ಎಂದು ನೆನಪಾಗಲಿಲ್ಲ. ಕ್ಯಾಮರಾ ಇದೆ ಎನ್ನುವುದೂ ನೆನಪಾಗಲಿಲ್ಲ. ನಲವತ್ತು ಅಂತ ಮುಗಿಸಿದಾಗ ಕ್ಯಾಮರಾದವ ಹೆಬ್ಬೆಟ್ಟು ಎತ್ತಿ ತೋರಿಸಿದ.

ಟಿವಿಗೆ ಹಾಕಿದರು. ಈ ಸಲ ಯಾರೂ ಧ್ವನಿ ತೆಗೆಯಿರಿ ಅನ್ನಲಿಲ್ಲ, ಟವೆಲ್ ತರಲಿಲ್ಲ. ಅಲ್ಲಿದ್ದವಳು ನಾನೇ, ಅವ್ವನ ಜೊತೆ ಮಾತಾಡುವ ನಾನು, ತುಸು ಹಲ್ಲುಬ್ಬಿನ, ತುಸು ಅವಸರದ ನಾನು. ಮೊದಲ ಸಲ ಅವಳನ್ನು ನೋಡಿ ನನಗೆ ನಾಚಿಕೆ ಆಗಲಿಲ್ಲ. ಆದರೆ ನನ್ನ ಪ್ರಶ್ನೆಯ ಬೆನ್ನಿಗೇ ಟಿವಿಯಿಂದ ಇನ್ನೊಂದು ಧ್ವನಿ ಬಂದಿತ್ತು, ಸ್ಪಷ್ಟವಾಗಿ, ದಪ್ಪವಾಗಿ: "ನಲವತ್ತೈದು."

ಗೋಡೆಗೆ ಒರಗಿದ್ದ ಮಾಸ್ತರುಗಳಲ್ಲಿ ಒಬ್ಬರು ಮೂಗಿನಲ್ಲಿ ನಕ್ಕರು. ತಡೆದುಕೊಳ್ಳಲು ನೋಡಿದರು, ಆಗಲಿಲ್ಲ. ಸರ್ ಆ ಕಡೆ ತಿರುಗಿದರು. ನಗು ನಿಂತಿತು. ನನ್ನ ಕೆಲಸವೂ ಅಲ್ಲೇ ನಿಂತಿತು ಎಂದು ನನಗೆ ಆಗಲೇ ತಿಳಿಯಬೇಕಿತ್ತು.

"ಚಲೋ ಹೇಳಿದಿ," ಅಂದರು ಸರ್. "ಕಾಗದಿಲ್ಲ, ಅಂಜಿಕಿಲ್ಲ. ವಾರದಾಗ ಇಷ್ಟು ಕಲತಾಕಿನ್ನ ನಾ ನೋಡಿಲ್ಲ. ಖರೇನ ಹೇಳಾಕತ್ತೇನಿ."

"ಥ್ಯಾಂಕ್ಸ್ ರಿ ಸರ್."

"ಆದ್ರ ಈ ಕ್ಲಾಸಿನ್ಯಾಗ ಬೈಯಾವ ಒಬ್ಬನ ಇರಬೇಕು. ಬಾಗೇವಾಡಿಯಾಕಿಗೆ ಒಳಗ ಬಾ ಅನ್ರಿ." ಕ್ಯಾಮರಾದವನಿಗೆ ಅಂದರು, "ಇದನ್ನ ಅಳಸು."

"ಆ ಧ್ವನಿ ಅಷ್ಟ ಕತ್ತರಸಾಕ ಬರ್ತೈತ್ರಿ ಸರ್," ಅಂದ ಅವನು.

"ಅಳಸು ಅಂದೆ."

ಅಳಿಸಿದ. ನನ್ನ ಎದುರಿಗೇ. ಗುಂಡಿ ಒತ್ತಿದ, ಖಾತ್ರಿಯೇ ಅಂತ ಅದು ಕೇಳಿತು, ಹೌದು ಅಂತ ಮತ್ತೊಮ್ಮೆ ಒತ್ತಿದ.

ಬಾಗಿಲ ಹತ್ತಿರ ನಿಂತು ಕೇಳಿದೆ: "ಸರ್, ಗ್ರೂಪಿನ್ಯಾಗಿಂದು, ಮೊದಲಿಂದು, ಅದನ್ನೂ ಅಳಸ್ರಿ."

"ಅದ್ಯಾಕ? ಅದು ಇರಲಿ. ಹುಡುಗರು ಕಲೀತಾವ."

ಹೊರಗೆ ಬೆಂಚಿನ ಮೇಲೆ ಆಯಿ ಬಾಗೇವಾಡಿಯ ಹುಡುಗಿ ಕೊಟ್ಟ ಬಿಸ್ಕೀಟು ತಿನ್ನುತ್ತಿದ್ದಳು. ನನ್ನ ಮುಖ ನೋಡಿ ಉಳಿದ ಬಿಸ್ಕೀಟನ್ನು ಸೆರಗಿನಲ್ಲಿ ಕಟ್ಟಿಕೊಂಡು ಎದ್ದಳು.

ಬಸ್ಸು ನಿಧಾನ. ಎಲ್ಲ ಊರಲ್ಲೂ ನಿಂತಿತು. ನಡೆದದ್ದನ್ನು ಆಯಿಗೆ ಹೇಳುತ್ತಾ ಹೋದೆ, ಸರ್ ಹೇಗೆ ಬಿದ್ದರು, ಯಾರು ಹೇಗೆ ನಕ್ಕರು, ಹೇಗೆ ಅಳಿಸಿದರು. ಚೆನ್ನಾಗಿ ಹೇಳಿರಬೇಕು. ಮುಂದಿನ ಸೀಟಿನ ಹೆಂಗಸು ಪೂರ್ತಿ ಹಿಂದಕ್ಕೆ ತಿರುಗಿ ಕೂತು ಕೇಳುತ್ತಿದ್ದಳು. ನಾನು ಕೊನೆಗೆ ಅತ್ತೆ.

ಆಯಿ ಕಿಟಕಿಯಾಚೆ ಲಿಂಬೆಯ ತೋಟಗಳನ್ನು ನೋಡುತ್ತಾ ಅಂದಳು: "ಬಾಯಿ ಇಲ್ಲಂತ ನಕ್ರು. ಬಾಯಿ ಬಂತು, ಅದಕ್ಕ ಕೆಲಸ ಹೋತು. ಬಾಯಿ ಇಲ್ಲದಾಗಾದ್ರೂ ಐತವಾರ ಬಾ ಅಂತಿದ್ರು."

ಮುಂದಿನ ಸೀಟಿನ ಹೆಂಗಸು "ಅಯ್ಯ, ಹಂಗನಬ್ಯಾಡ್ರಿ ಯಮ್ಮಾ" ಅಂದಳು. ಆಯಿ ಅವಳಿಗೆ "ನೀ ಮುಂದ ನೋಡಿ ಕೂಡು" ಅಂದಳು.

ಅಣ್ಣ ಮಾತಿಗೆ ತಪ್ಪುವವನಲ್ಲ. ಸೋಮವಾರ ಇಂಡಿಯಿಂದ ಟೆಂಪೋದಲ್ಲಿ ಹೊಲಿಗೆ ಮಷಿನ್ ಬಂತು. ಪಡಸಾಲೆಯಲ್ಲಿ, ಬೇಳೆ ಡಬ್ಬಿಗಳಿದ್ದ ಜಾಗದಲ್ಲೇ ಇಟ್ಟ. ಅವ್ವ ಅದಕ್ಕೆ ಕುಂಕುಮ ಹಚ್ಚಿದಳು. ಪಾನ್ ಅಂಗಡಿಯ ಹುಡುಗರು ಇವತ್ತಿಗೂ ನನ್ನನ್ನು ಕಂಡರೆ ಕಣ್ಣು ಆಡಿಸುತ್ತಾರೆ. ಆ ಕ್ಲಿಪ್ ಹೊಸ ಬ್ಯಾಚಿನ ಹುಡುಗರಿಗೂ ಹೋಗಿದೆಯಂತೆ. ನನ್ನ ಒಳ್ಳೆಯ ಪಾಠವನ್ನು ಜಗತ್ತಿನಲ್ಲಿ ನೋಡಿದವರು ಆ ಕೋಣೆಯವರು ಮಾತ್ರ, ಅವರು ಅದನ್ನು ಯಾರಿಗೂ ಹೇಳುವವರಲ್ಲ.

ಮಷಿನ್ ಎತ್ತರಕ್ಕೆ ಸರಿಯಾಗಿದೆ. ಡಬ್ಬಿಗಳ ಹಾಗೆ ಅಲುಗುವುದಿಲ್ಲ. ಅದರ ಮುಚ್ಚಳದ ಮೇಲೆ ಫೋನು ಆನಿಸಿ, ಹಿಂದಿನ ಕ್ಯಾಮರಾ ತೆರೆದು, ಸುಣ್ಣದ ಗೆರೆಯ ಮೇಲೆ ಕೂತೆ. ಆಯಿ ತನ್ನ ಮೊರ ತಂದು ಆಚೆ ಕಡೆ ಕೂತಳು.

"ಹಚ್ಚ ನಿನ್ನ ನಾಟಕ. ಯಾರ ನೋಡ್ತಾರಿದನ್ನ?"

"ನೀ ನೋಡ್ತಿ."

"ನನಗ ಕಣ್ಣ ಕಾಣೂದಿಲ್ಲ."

ಬೇಳೆಯಲ್ಲಿ ಕಲ್ಲಿದೆ ಅಂದೆ. ಜಗಳ ಹತ್ತಿತು. ನಡುವಿನಿಂದ ಜಾರಿ ಪಾಠ ಶುರು ಮಾಡಿದೆ. ಲೆಕ್ಕದ ಟೆಂಪೋ ಹತ್ತಿಸಿ ಇನ್ನೂ ಒಂದು ತಾಸು ಆಗಿರಲಿಲ್ಲ, ಆಯಿ ಬಾಯಿ ಅಗಲಿಸಿ ಆಕಳಿಸಿದಳು.

ನಿಲ್ಲಿಸಿದೆ. ಮತ್ತೆ ಮೊದಲಿನಿಂದ ಹೇಳತೊಡಗಿದೆ.